ಸಂದು ನೋಡಿ, ಆಮೇಲೆ ಪ್ರಿಂಟ್ ಕೊಡಿ

ತ್ರೀಡಿ ಪ್ರಿಂಟರ್ ಬಂದ ಮನೆಯಲ್ಲಿ ಮಕ್ಕಳು ಮೊದಲು ಕೇಳುವ ಆಟಿಕೆ ಎಂದರೆ ಬಳುಕುವ ಪ್ರಾಣಿ. ಹಲ್ಲಿ, ಮೊಸಳೆ, ಡ್ರ್ಯಾಗನ್, ಯಾವುದಾದರೂ ಸರಿ, ಕೈಯಲ್ಲಿ ಹಿಡಿದರೆ ಅತ್ತಿತ್ತ ತೊನೆಯಬೇಕು. ಮೈಯೆಲ್ಲ ಸಣ್ಣ ಸಣ್ಣ ತುಂಡು, ತುಂಡು ತುಂಡಿನ ನಡುವೆ ಒಂದೊಂದು ಕೀಲು. ಇವನ್ನು ಬಿಡಿಬಿಡಿಯಾಗಿ ಮುದ್ರಿಸಿ ಆಮೇಲೆ ಜೋಡಿಸುವುದಲ್ಲ. ಕೀಲುಗಳು ಒಂದರೊಳಗೊಂದು ಸೇರಿಕೊಂಡ ಸ್ಥಿತಿಯಲ್ಲೇ ಇಡೀ ಪ್ರಾಣಿ ಒಂದೇ ಸಲಕ್ಕೆ ಬೆಡ್ಡಿನ ಮೇಲೆ ಪದರ ಪದರವಾಗಿ ಏಳುತ್ತದೆ. ಈ ಬಗೆಯ ಮಾದರಿಗಳಿಗೆ ಪ್ರಿಂಟ್-ಇನ್-ಪ್ಲೇಸ್ ಎಂದು ಹೆಸರು. ಗಂಟೆಗಟ್ಟಲೆ ಓಡಿದ ಪ್ರಿಂಟರ್ ನಿಂತ ಮೇಲೆ ಬೆಡ್ಡಿನಿಂದ ಬಿಡಿಸಿ ಮೆಲ್ಲಗೆ ಬಗ್ಗಿಸಿದರೆ ಕೀಲುಗಳು ಟಕಟಕ ಬಿಟ್ಟುಕೊಳ್ಳಬೇಕು. ಬಿಟ್ಟುಕೊಳ್ಳದಿದ್ದರೆ ಕೈಗೆ ಸಿಗುವುದು ಮಿಸುಕದ ಪ್ಲಾಸ್ಟಿಕ್ ಗಟ್ಟಿ. ಬಲ ಹಾಕಿದರೆ ಬಾಲ ಮುರಿಯುತ್ತದೆ.

ಹೀಗಾದಾಗ ಜನ ಸಾಮಾನ್ಯವಾಗಿ ಪ್ರಿಂಟರನ್ನೋ ಫಿಲಮೆಂಟನ್ನೋ ದೂರುತ್ತಾರೆ. ಆದರೆ ಕೀಲು ಬಿಡುತ್ತದೋ ಇಲ್ಲವೋ ಎಂಬುದು ಬಹುಪಾಲು ಇಳಿಸಿಕೊಂಡ ಫೈಲಿನಲ್ಲೇ ತೀರ್ಮಾನವಾಗಿರುತ್ತದೆ. ನಾಜಲ್ ಬಿಸಿಯಾಗುವ ಮೊದಲೇ, ಕಂಪ್ಯೂಟರಿನ ಮುಂದೆ ಕೂತು ಅದನ್ನು ಓದಬಹುದು. ಒಂದು ಹಲ್ಲಿಯ ಮಾದರಿಯನ್ನು ಎದುರಿಗಿಟ್ಟುಕೊಂಡು ಹಾಗೆ ಓದಿ ನೋಡೋಣ. ಉದ್ದ 160 ಮಿ.ಮೀ., ಹದಿನೈದು ತುಂಡು. ನಮ್ಮ ಪ್ರಿಂಟರಿನದು ಎಲ್ಲ ಕಡೆ ಕಾಣುವ 0.4 ಮಿ.ಮೀ. ನಾಜಲ್, ಪದರದ ದಪ್ಪ 0.2 ಮಿ.ಮೀ., ಹಾಕಿರುವುದು ಪಿಎಲ್‌ಎ ಫಿಲಮೆಂಟ್.

ಕೀಲಿನ ಒಳಗೆ

ಮೊದಲು ಒಂದು ಕೀಲು ಹೇಗಿರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಹಿಂದಿನ ತುಂಡಿನ ಮೂತಿಯಲ್ಲಿ ಒಂದು ಬಳೆ. ಮುಂದಿನ ತುಂಡಿನ ಹೊಟ್ಟೆ ಟೊಳ್ಳು, ಆ ಟೊಳ್ಳಿನಲ್ಲಿ ಒಂದು ಗೂಟ. ಬಳೆ ಗೂಟದ ಸುತ್ತ ಕೂತಿರುತ್ತದೆ. ಗೂಟ ನೇರವಾದ ಕಡ್ಡಿಯಾಗಿದ್ದರೆ ಆಟಿಕೆಯನ್ನು ಎತ್ತಿದ ಕೂಡಲೇ ಬಳೆ ಕೆಳಗೆ ಜಾರಿ ಬೀಳುತ್ತದೆ. ಅದಕ್ಕೇ ಗೂಟವನ್ನು ಡಮರುವಿನ ಹಾಗೆ ಮಾಡುತ್ತಾರೆ: ಮೇಲೆ ಕೆಳಗೆ ಅಗಲ, ನಡು ಸಣ್ಣ. ಬಳೆಯ ಒಳಮೈ ಆ ನಡುವಿಗೆ ಹೊಂದುವಂತೆ ಉಬ್ಬಿರುತ್ತದೆ. ಬಳೆಯ ಮೇಲೆ ಮುಂದಿನ ತುಂಡಿನ ಸೂರು ಹಾದುಹೋಗುತ್ತದೆ.

ಗೂಟಕ್ಕೂ ಬಳೆಗೂ ನಡುವೆ, ಬಳೆಗೂ ಸೂರಿಗೂ ನಡುವೆ ಖಾಲಿ ಜಾಗ ಇರಬೇಕು. ಆ ಸಂದೇ ಕ್ಲಿಯರೆನ್ಸ್. ಪ್ರಿಂಟರ್ ಆಡುವ ಭಾಗಗಳೆರಡನ್ನೂ ಅಕ್ಕಪಕ್ಕದಲ್ಲಿ ಬಿಸಿಬಿಸಿಯಾಗಿಯೇ ಎಳೆಯುತ್ತದೆ. ಸಂದು ಸಾಲದಿದ್ದರೆ ಎರಡೂ ಬೆಸೆದುಕೊಳ್ಳುತ್ತವೆ, ಅತಿಯಾದರೆ ಕೀಲು ಜೋಲಾಡುತ್ತದೆ ಅಥವಾ ಬಳೆ ಕಳಚಿಕೊಳ್ಳುತ್ತದೆ. 0.4 ನಾಜಲ್‌ನ ಪ್ರಿಂಟರುಗಳಲ್ಲಿ 0.3ರಿಂದ 0.5 ಮಿ.ಮೀ. ಸಂದು ಸಾಮಾನ್ಯವಾಗಿ ನಡೆಯುತ್ತದೆ. 0.2 ಎಂದರೆ ಚೆನ್ನಾಗಿ ಹದ ಮಾಡಿದ ಯಂತ್ರಕ್ಕೂ ಇಕ್ಕಟ್ಟು.

ಮಾಡಿ ನೋಡಿದವರ ಮಾತು

ಥಿಂಗಿವರ್ಸ್, ಪ್ರಿಂಟಬಲ್ಸ್, ಮೇಕರ್‌ವರ್ಲ್ಡ್‌ನಂಥ ತಾಣಗಳಲ್ಲಿ ಮಾದರಿಯ ಜೊತೆಗೆ ಅದನ್ನು ಮುದ್ರಿಸಿದವರ ಅಭಿಪ್ರಾಯವೂ ಇರುತ್ತದೆ. ಎಷ್ಟು ಜನ ಇಳಿಸಿಕೊಂಡಿದ್ದಾರೆ, ಎಷ್ಟು ಜನ ಮೆಚ್ಚಿದ್ದಾರೆ ಎಂಬ ಲೆಕ್ಕದಿಂದ ನಮಗೆ ಉಪಯೋಗವಿಲ್ಲ. ಇಳಿಸಿಕೊಂಡವರೆಲ್ಲ ಮುದ್ರಿಸಿರುವುದಿಲ್ಲ, ಮೆಚ್ಚಿದವರಲ್ಲಿ ಬಹುಮಂದಿ ಚಿತ್ರವನ್ನಷ್ಟೇ ನೋಡಿರುತ್ತಾರೆ. ನೋಡಬೇಕಾದ್ದು ಮುದ್ರಿಸಿದವರೇ ಹಾಕಿರುವ ಫೋಟೋಗಳನ್ನು. ಥಿಂಗಿವರ್ಸ್ ಮತ್ತು ಪ್ರಿಂಟಬಲ್ಸ್‌ನಲ್ಲಿ ಇವು `Makes` ಎಂಬ ತಲೆಬರಹದಡಿ ಸಿಗುತ್ತವೆ.

ವಿನ್ಯಾಸ ಮಾಡಿದವರು ಹಾಕಿದ ಚಿತ್ರ ಕಂಪ್ಯೂಟರಿನಲ್ಲಿ ರಚಿಸಿದ್ದೋ ನಿಜವಾದ ಫೋಟೋವೋ ಎಂಬುದನ್ನು ಪದರಗಳ ಗೆರೆಗಳಿಂದ ಗುರುತಿಸಬಹುದು. ಬೆನ್ನಿನ ಇಳಿಜಾರಿನಲ್ಲಿ ಸಣ್ಣ ಮೆಟ್ಟಿಲಿನಂಥ ಗೆರೆ ಎಲ್ಲಿಯೂ ಕಾಣದೆ ಮೈ ನುಣ್ಣಗೆ ಹೊಳೆಯುತ್ತಿದ್ದರೆ ಅದು ಇನ್ನೂ ಬೆಡ್ಡಿನ ಮೇಲೆ ಎದ್ದೇ ಇಲ್ಲದಿರಬಹುದು. ಹಲ್ಲಿಯ ವಿಷಯದಲ್ಲಿ ಇನ್ನೊಂದನ್ನು ಹುಡುಕಬೇಕು: ಬಗ್ಗಿಸಿ ಹಿಡಿದ ಫೋಟೋ. ನೆಟ್ಟಗೆ ಮಲಗಿಸಿ ತೆಗೆದ ಫೋಟೋದಲ್ಲಿ ಬೆಸೆದುಕೊಂಡ ಕೀಲೂ ಬಿಟ್ಟುಕೊಂಡ ಕೀಲೂ ಒಂದೇ ಥರ ಕಾಣುತ್ತವೆ.

ದೂರುಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಒಬ್ಬರು ಮಾತ್ರ ‘ಎಲ್ಲ ಕೀಲೂ ಅಂಟಿಕೊಂಡವು’ ಎಂದಿದ್ದು, ಉಳಿದವರಿಗೆ ತೊಂದರೆ ಆಗಿಲ್ಲದಿದ್ದರೆ ಅದು ಅವರ ಯಂತ್ರದ ಸಮಸ್ಯೆ ಇರಬಹುದು. ಬೇರೆ ಬೇರೆ ಕಂಪನಿಯ ಪ್ರಿಂಟರ್ ಇಟ್ಟುಕೊಂಡ ನಾಲ್ಕಾರು ಜನ ಒಂದೇ ಜಾಗದ ಬಗ್ಗೆ ದೂರಿದ್ದರೆ ತಪ್ಪು ಮಾದರಿಯಲ್ಲಿದೆ. ನಮ್ಮ ಹಲ್ಲಿಯ ಕೆಳಗೆ ಇಂಥದೊಂದು ಮಾತು ಮತ್ತೆ ಮತ್ತೆ ಬಂದಿದೆ ಎಂದುಕೊಳ್ಳೋಣ: ಮೈಯೆಲ್ಲ ಚೆನ್ನಾಗಿ ಆಡುತ್ತದೆ, ಬಾಲದ ತುದಿಯ ಕೀಲುಗಳು ಮಾತ್ರ ಬಿಡುವುದಿಲ್ಲ. ಇದನ್ನು ಬರೆದಿಟ್ಟುಕೊಳ್ಳಿ. ಮುಂದೆ ಸ್ಲೈಸರ್‌ನಲ್ಲಿ ಮೊದಲು ನೋಡಬೇಕಾದ ಜಾಗ ಯಾವುದೆಂದು ಇದು ಹೇಳಿಕೊಟ್ಟಿದೆ.

ದೂರಿನ ತಾರೀಖನ್ನೂ ಫೈಲ್ ಕೊನೆಯದಾಗಿ ತಿದ್ದಿದ ತಾರೀಖನ್ನೂ ಹೋಲಿಸಬೇಕು. ಫೈಲ್ ಆಮೇಲೆ ಬದಲಾಗಿದ್ದರೆ ಹಳೆಯ ದೂರು ಈಗಿನ ಫೈಲಿಗೆ ಅನ್ವಯಿಸದಿರಬಹುದು, ಹಳೆಯ ಹೊಗಳಿಕೆಯೂ ಅಷ್ಟೇ. ಯಾರು ಎಷ್ಟು ದೊಡ್ಡದಾಗಿ ಮುದ್ರಿಸಿದರು ಎಂಬುದು ಬರೆದಿದ್ದರೆ ಅದಕ್ಕೆ ಹೆಚ್ಚಿನ ಬೆಲೆ ಕೊಡಬೇಕು. ಕಾರಣ ಮುಂದೆ ಲೆಕ್ಕದಲ್ಲಿ ಬರುತ್ತದೆ.

ಫೈಲ್ ಏನನ್ನು ಹೊತ್ತು ತರುತ್ತದೆ

ಮಾದರಿ ಹೆಚ್ಚಾಗಿ ಎಸ್‌ಟಿಎಲ್ ಅಥವಾ 3ಎಂಎಫ್ ರೂಪದಲ್ಲಿ ಸಿಗುತ್ತದೆ. 1980ರ ದಶಕದಲ್ಲಿ ಅಮೆರಿಕದ ತ್ರೀಡಿ ಸಿಸ್ಟಮ್ಸ್ ಕಂಪನಿಯ ಯಂತ್ರಗಳಿಗೆಂದು ಹುಟ್ಟಿದ ಎಸ್‌ಟಿಎಲ್ ವಸ್ತುವಿನ ಹೊರಮೈಯನ್ನು ತ್ರಿಕೋನಗಳಾಗಿ ಒಡೆದು ಪಟ್ಟಿ ಮಾಡುತ್ತದೆ, ಅಷ್ಟೇ. ಅದರಲ್ಲಿ ಅಳತೆಯ ಮಾನವೂ ಇರುವುದಿಲ್ಲ. 160 ಎಂದು ಬರೆದಿದ್ದರೆ ಅದು ಮಿಲಿಮೀಟರೋ ಇಂಚೋ ಫೈಲಿಗೇ ಗೊತ್ತಿಲ್ಲ. ಸ್ಲೈಸರ್ ಮಿಲಿಮೀಟರ್ ಎಂದುಕೊಳ್ಳುತ್ತದೆ. ಇಂಚಿನಲ್ಲಿ ರಚಿಸಿದ ಮಾದರಿ ಹೀಗೆ ತೆರೆದಾಗ 25.4 ಪಟ್ಟು ಚಿಕ್ಕದಾಗಿ, ಬೆಡ್ಡಿನ ನಡುವೆ ಒಂದು ಚುಕ್ಕೆಯಾಗಿ ಕಾಣುತ್ತದೆ. ಅಷ್ಟು ದೊಡ್ಡ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ, ಸರಿಪಡಿಸಬಹುದು.

ಕಣ್ಣಿಗೆ ಬೀಳದ್ದು ತ್ರಿಕೋನಗಳ ಒರಟುತನ. ಎಸ್‌ಟಿಎಲ್‌ನಲ್ಲಿ ನಿಜವಾದ ವೃತ್ತ ಇಲ್ಲ, ಬಹುಭುಜ ಮಾತ್ರ. 10 ಮಿ.ಮೀ. ವ್ಯಾಸದ ರಂಧ್ರವನ್ನು ಹದಿನಾರು ಬದಿಯ ಬಹುಭುಜವಾಗಿ ಉಳಿಸಿದರೆ ಪ್ರತಿ ಬದಿಯ ನಡುಭಾಗ ಅಸಲಿ ವೃತ್ತಕ್ಕಿಂತ ಸುಮಾರು 0.1 ಮಿ.ಮೀ. ಒಳಗೆ ಬರುತ್ತದೆ. ಗೂಟದ ಮೂಲೆ ತಿರುಗುತ್ತಾ ಆ ನಡುಭಾಗದ ಎದುರಿಗೆ ಬಂದಾಗ, ವಿನ್ಯಾಸದಲ್ಲಿ 0.4 ಇದ್ದ ಸಂದು 0.3ಕ್ಕೆ ಇಳಿದಿರುತ್ತದೆ. ಅದೇ ರಂಧ್ರಕ್ಕೆ ಅರವತ್ತನಾಲ್ಕು ಬದಿ ಕೊಟ್ಟಿದ್ದರೆ ನಷ್ಟ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಹೀಗಾಗಿ ಮಾದರಿಯನ್ನು ತೆರೆದ ಮೇಲೆ ತಿರುವಿ ಹೊಟ್ಟೆಯ ಕಡೆ ಮಾಡಿ, ಗೂಟ ಮತ್ತು ಬಳೆಯನ್ನು ದೊಡ್ಡದು ಮಾಡಿ ನೋಡಿ. ಅಂಚಿನಲ್ಲಿ ಮೂಲೆಗಳು ಎಣಿಸುವಂತಿದ್ದರೆ ಸಂದನ್ನು ಒಂದಿಷ್ಟು ಕಡಿಮೆ ಎಂದೇ ಲೆಕ್ಕ ಹಿಡಿಯಿರಿ.

3ಎಂಎಫ್ ಇತ್ತೀಚಿನದು. ಇದನ್ನು ರೂಪಿಸಿದ ಒಕ್ಕೂಟ 2015ರಲ್ಲಿ ಶುರುವಾಯಿತು. ಈ ಫೈಲಿನಲ್ಲಿ ಅಳತೆಯ ಮಾನ ಇರುತ್ತದೆ, ಹಲವು ಭಾಗಗಳು ಬೇರೆ ಬೇರೆಯಾಗಿಯೇ ಇರಬಲ್ಲವು, ವಿನ್ಯಾಸಕಾರರು ಇಟ್ಟ ಸ್ಲೈಸರ್ ಸೆಟ್ಟಿಂಗುಗಳನ್ನೂ ಸೇರಿಸಬಹುದು. ಸೆಟ್ಟಿಂಗು ಸಿಕ್ಕಿತೆಂದು ಹಾಗೆಯೇ ಒಪ್ಪಿಕೊಳ್ಳಬಾರದು, ಅದು ಅವರ ಪ್ರಿಂಟರಿನದು. ಮೊದಲು ತೆರೆದು ಪದರದ ದಪ್ಪ ಎಷ್ಟು, ಸಪೋರ್ಟ್ ಹಾಕಿದ್ದಾರೆಯೇ ಎಂದು ಓದಿಕೊಂಡು, ಆಮೇಲೆ ಆಕಾರವನ್ನು ಮಾತ್ರ ನಮ್ಮ ಯಂತ್ರದ ಸೆಟ್ಟಿಂಗಿಗೆ ತರುವುದು ಒಳ್ಳೆಯದು. ಅವರು ಯಾವ ಪದರದ ದಪ್ಪಕ್ಕೆಂದು ಸಂದುಗಳನ್ನು ಎಣಿಸಿದ್ದಾರೆ ಎಂಬ ಸುಳಿವು ಅಲ್ಲಿ ಸಿಗುತ್ತದೆ. ಇನ್ನು ನೇರವಾಗಿ `.gcode` ಫೈಲ್ ಕೊಟ್ಟಿದ್ದರೆ ಮುಟ್ಟಬೇಡಿ. ಅದರಲ್ಲಿರುವುದು ಬೇರೊಂದು ಯಂತ್ರದ ಬೆಡ್ಡಿನ ಅಳತೆಗೆ, ಬೇರೊಂದು ಯಂತ್ರದ ಬಿಸಿಗೆ ಬರೆದ ಅಪ್ಪಣೆಗಳು.

ಎಸ್‌ಟಿಎಲ್ ಆಗಲಿ 3ಎಂಎಫ್ ಆಗಲಿ, ಕೀಲಿನ ಮಾದರಿಗೆ ಒಂದು ಸುಲಭದ ಪರೀಕ್ಷೆ ಇದೆ. ಪ್ರೂಸಾಸ್ಲೈಸರ್, ಆರ್ಕಾಸ್ಲೈಸರ್‌ನಂಥವುಗಳಲ್ಲಿ `Split to parts` ಎಂಬ ಗುಂಡಿ ಇದೆ. ಒಂದಕ್ಕೊಂದು ತಾಗಿರದ ಭಾಗಗಳನ್ನು ಅದು ಬೇರ್ಪಡಿಸಿ ಪಟ್ಟಿ ಮಾಡುತ್ತದೆ. ನಮ್ಮ ಹಲ್ಲಿಗೆ ಹದಿನೈದು ತುಂಡಾದ್ದರಿಂದ ಪಟ್ಟಿಯಲ್ಲಿ ಕನಿಷ್ಠ ಹದಿನೈದು ಬರಬೇಕು. ಹದಿನಾಲ್ಕೇ ಬಂದರೆ ಎಲ್ಲೋ ಎರಡು ತುಂಡು ಫೈಲಿನಲ್ಲೇ ಅಂಟಿಕೊಂಡಿವೆ, ಆ ಕೀಲು ಯಾವ ಪ್ರಿಂಟರಿನಲ್ಲೂ ಬಿಡುವುದಿಲ್ಲ. ಕಣ್ಣೋ ಮುಳ್ಳೋ ಬೇರೆ ಭಾಗವಾಗಿದ್ದರೆ ಎಣಿಕೆ ಹೆಚ್ಚಾಗಬಹುದು, ಅದಕ್ಕೆ ಗಾಬರಿ ಬೇಡ. ನೋಡಿದ ಮೇಲೆ ಆ ಕ್ರಿಯೆಯನ್ನು ಹಿಂದಕ್ಕೆ ತೆಗೆದುಕೊಂಡರೆ ಸರಿ.

ಆಧಾರವಿಲ್ಲದ ಪದರ

ಬೇರೆ ಮಾದರಿಗಳಲ್ಲಿ ಓವರ್‌ಹ್ಯಾಂಗ್, ಅಂದರೆ ಕೆಳಗೆ ಆಧಾರವಿಲ್ಲದೆ ಚಾಚಿಕೊಂಡ ಭಾಗ, ಇದ್ದರೆ ಸಪೋರ್ಟ್ ಹಾಕಿ ಆಮೇಲೆ ಕಿತ್ತು ತೆಗೆಯುತ್ತೇವೆ. ಇಲ್ಲಿ ಅದಕ್ಕೆ ದಾರಿಯಿಲ್ಲ. ಕೀಲಿನೊಳಗೆ ಸಪೋರ್ಟ್ ಬಂದರೆ ಅದನ್ನು ತೆಗೆಯಲು ಇಕ್ಕಳದ ಮೂತಿಯೂ ತೂರುವುದಿಲ್ಲ, ಆ ಸಪೋರ್ಟೇ ಕೀಲನ್ನು ಕಟ್ಟಿಹಾಕುತ್ತದೆ. ಹೀಗಾಗಿ ಪ್ರಿಂಟ್-ಇನ್-ಪ್ಲೇಸ್ ಮಾದರಿಯ ಒಳಭಾಗ ಸಪೋರ್ಟ್ ಇಲ್ಲದೆಯೇ ನಿಲ್ಲುವಂತಿರಬೇಕು. ನಿಲ್ಲದಿದ್ದರೆ ಜೋತುಬಿದ್ದ ಎಳೆ ನೇರವಾಗಿ ಸಂದಿಗೇ ಬೀಳುತ್ತದೆ. ಅಂದರೆ ಇಂಥ ಮಾದರಿಯಲ್ಲಿ ಓವರ್‌ಹ್ಯಾಂಗ್ ನೋಡುವುದೂ ಸಂದು ನೋಡುವುದೂ ಒಂದೇ ಕೆಲಸದ ಎರಡು ಭಾಗ.

45 ಡಿಗ್ರಿ ಎಂಬ ಪ್ರಸಿದ್ಧ ಮಿತಿ ಎಲ್ಲಿಂದ ಬಂತು ಎಂಬುದನ್ನು ಹಲ್ಲಿಯ ಗೂಟದಲ್ಲೇ ನೋಡಬಹುದು. ಡಮರುವಿನ ಮೇಲರ್ಧ ಏರುತ್ತಾ ಅಗಲವಾಗುತ್ತದೆ. ಇಳಿಜಾರು 45 ಡಿಗ್ರಿ ಇದ್ದರೆ 0.2 ಮಿ.ಮೀ. ದಪ್ಪದ ಪ್ರತಿ ಪದರ ಕೆಳಗಿನದಕ್ಕಿಂತ 0.2 ಮಿ.ಮೀ. ಹೊರಗೆ ಚಾಚುತ್ತದೆ. ನಾಜಲ್ ಎಳೆಯುವ ಗೆರೆಯ ಅಗಲ ಸುಮಾರು 0.45, ಹಾಗಾಗಿ ಅರ್ಧಕ್ಕಿಂತ ಹೆಚ್ಚು ಭಾಗ ಕೆಳಗಿನ ಪದರದ ಮೇಲೆಯೇ ಕೂತಿರುತ್ತದೆ. ಲಂಬದಿಂದ 60 ಡಿಗ್ರಿ ವಾಲಿಸಿದರೆ ಪ್ರತಿ ಪದರ 0.35 ಚಾಚುತ್ತದೆ, ಆಧಾರಕ್ಕೆ ಉಳಿಯುವುದು 0.1 ಮಾತ್ರ. ಅಂಥ ಗೆರೆ ಕೆಳಕ್ಕೆ ಜೋತು ಬಳೆಗೆ ತಾಗುತ್ತದೆ. ಅದೇ 60 ಡಿಗ್ರಿಯನ್ನು 0.12 ದಪ್ಪದ ಪದರದಲ್ಲಿ ಮುದ್ರಿಸಿದರೆ ಚಾಚುವುದು ಸುಮಾರು 0.2. ಪದರ ತೆಳುವಾದಷ್ಟೂ ಇಳಿಜಾರು ಸುಧಾರಿಸುವುದು ಇದೇ ಕಾರಣಕ್ಕೆ, ಬೆಲೆಯಾಗಿ ತೆರುವುದು ಸಮಯ.

ಕೋನವನ್ನು ಓದುವಾಗ ಒಂದು ಎಚ್ಚರ ಬೇಕು. ಕ್ಯೂರಾ ಓವರ್‌ಹ್ಯಾಂಗ್ ಕೋನವನ್ನು ಲಂಬದಿಂದ ಅಳೆಯುತ್ತದೆ, ಪ್ರೂಸಾಸ್ಲೈಸರ್ ಅಡ್ಡ ಸಮತಲದಿಂದ. ಒಂದರಲ್ಲಿ 60 ಎಂದರೆ ಇನ್ನೊಂದರಲ್ಲಿ 30. ಯಾರೋ ಕೊಟ್ಟ ಸಂಖ್ಯೆಯನ್ನು ಯಾವ ಸ್ಲೈಸರಿನದೆಂದು ಕೇಳದೆ ಹಾಕಿಕೊಂಡರೆ ತಲೆಕೆಳಗಾಗುತ್ತದೆ.

ಸೂರಿನ ವಿಷಯ ಬೇರೆ. ಅದು ಬಳೆಯ ಮೇಲೆ ಚಪ್ಪಟೆಯಾಗಿ ಹಾಯುತ್ತದೆ, ಆದರೆ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಗೂಟದ ತಲೆ ಇರುವುದರಿಂದ ಎಳೆ ಎರಡೂ ತುದಿಯಲ್ಲಿ ಕಚ್ಚಿಕೊಂಡು ಬಿಗಿಯಾಗಿ ನಿಲ್ಲುತ್ತದೆ. ಇಂಥ ಸೇತುವೆ ನಾಲ್ಕೈದು ಮಿ.ಮೀ. ಉದ್ದದ್ದಾದರೆ ಸರಿಯಾಗಿ ಗಾಳಿ ಬೀಸುವ ಯಾವ ಪ್ರಿಂಟರೂ ದಾಟಿಸುತ್ತದೆ. ತೊಂದರೆ ಇರುವುದು ಗೂಟದ ಆಚೆ ಬದಿಯಲ್ಲಿ. ಅಲ್ಲಿ ಸೂರು ಗೂಟದಿಂದಾಚೆಗೂ ಚಾಚಿದ್ದರೆ ಅದರ ಅಂಚಿಗೆ ಕೆಳಗೂ ಆಧಾರವಿಲ್ಲ, ಮುಂದೆಯೂ ಇಲ್ಲ. ಸ್ಲೈಸ್ ಮಾಡಿ, ಪ್ರಿವ್ಯೂನಲ್ಲಿ ಬಲಬದಿಯ ಜಾರುಪಟ್ಟಿಯನ್ನು ಮೆಲ್ಲಗೆ ಮೇಲೆಳೆಯುತ್ತಾ ಸೂರಿನ ಮೊದಲ ಪದರದಲ್ಲಿ ನಿಲ್ಲಿಸಿ. ಅಲ್ಲಿನ ಪ್ರತಿ ಗೆರೆಯನ್ನೂ ಕೇಳಿ: ನಿನ್ನ ಎರಡು ತುದಿ ಎಲ್ಲಿ ಕೂತಿವೆ? ಉತ್ತರ ಸಿಗದ ಗೆರೆ ಬಳೆಯ ಮೇಲೆ ಬೀಳುತ್ತದೆ.

ಸಂದಿನ ಲೆಕ್ಕ

ಈಗ ಬಾಲಕ್ಕೆ ಬರೋಣ. ಪ್ರಿವ್ಯೂನಲ್ಲಿ ಕೀಲಿನ ನಡುಮಟ್ಟದ ಪದರದಲ್ಲಿ ನಿಂತು ಮೇಲಿನಿಂದ ನೋಡಿದರೆ ಗೂಟದ ಗೆರೆ, ಬಳೆಯ ಗೆರೆ, ನಡುವಿನ ಖಾಲಿ ಜಾಗ ಮೂರೂ ಕಾಣುತ್ತವೆ. ಅಳತೆಯ ಉಪಕರಣ ಇದ್ದರೆ ಸರಿ, ಇಲ್ಲದಿದ್ದರೂ ಗೆರೆಯೇ ಅಳತೆಗೋಲು. ಅದರ ಅಗಲ 0.45 ಎಂದು ಗೊತ್ತು. ಖಾಲಿ ಜಾಗ ಹೆಚ್ಚುಕಮ್ಮಿ ಒಂದು ಗೆರೆಯಷ್ಟು ಅಗಲವಿದ್ದರೆ ಸಂದು 0.4ರ ಆಸುಪಾಸು, ಅರ್ಧ ಗೆರೆಯಷ್ಟಿದ್ದರೆ 0.2.

ನಮ್ಮ ಹಲ್ಲಿಯ ಎದೆಯಲ್ಲಿ ಸಂದು ಒಂದು ಗೆರೆಯಷ್ಟಿದೆ, ಬಾಲದ ತುದಿಯಲ್ಲಿ ಅರ್ಧ ಗೆರೆಯಷ್ಟು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಂದು ತುಂಡನ್ನು ಚೆನ್ನಾಗಿ ರಚಿಸಿ, ಅದನ್ನೇ ನಕಲು ಮಾಡಿ, ಬಾಲದ ಕಡೆಗೆ ಹೋದಂತೆ ಚಿಕ್ಕದು ಮಾಡುತ್ತಾ ಜೋಡಿಸಿದ್ದಾರೆ. ತುಂಡು ಅರ್ಧವಾದಾಗ ಅದರೊಳಗಿನ ಸಂದೂ ಅರ್ಧವಾಯಿತು, 0.4 ಇದ್ದದ್ದು 0.2. ಮುದ್ರಿಸಿದವರೆಲ್ಲ ಬಾಲದ ತುದಿಯನ್ನೇ ದೂರಿದ್ದು ಇದಕ್ಕೇ.

ಈ 0.2 ನಮ್ಮಲ್ಲಿ ನಡೆಯುತ್ತದೆಯೇ ಎಂಬುದಕ್ಕೆ ನಮ್ಮ ಪ್ರಿಂಟರಿನ ಸಂಖ್ಯೆ ಗೊತ್ತಿರಬೇಕು. 0.5ರಿಂದ 0.1ರವರೆಗೆ ಬೇರೆ ಬೇರೆ ಸಂದಿನ ಗೂಟಗಳಿರುವ ಸಣ್ಣ ಪರೀಕ್ಷಾ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅದನ್ನೊಮ್ಮೆ ಮುದ್ರಿಸಿ, ಬೆರಳಿನ ಬಲಕ್ಕೇ ತಿರುಗಿದ ಕೊನೆಯ ಗೂಟ ಯಾವುದೆಂದು ನೋಡಿ ಯಂತ್ರದ ಮೇಲೆ ಬರೆದಂಟಿಸಿ. ಈ ಸಂಖ್ಯೆ ಫಿಲಮೆಂಟಿಗೆ ತಕ್ಕಂತೆ ಬದಲಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟ ಸುರುಳಿ ತೇವ ಹೀರಿಕೊಂಡರೆ, ಅದರಲ್ಲೂ ಪಿಇಟಿಜಿಯಾದರೆ, ನಾಜಲ್ ಸಂದು ದಾಟುವಾಗ ಸಣ್ಣ ನೂಲುಗಳನ್ನು ಬಿಡುತ್ತದೆ. ಬೇಸಿಗೆಯಲ್ಲಿ ತಿರುಗಿದ ಅದೇ ಗೂಟ ಆಗ ತಿರುಗದೆ ಇರಬಹುದು.

ನಮ್ಮ ಸಂಖ್ಯೆ 0.3 ಎಂದಿಟ್ಟುಕೊಳ್ಳೋಣ. ಬಾಲದ 0.2ನ್ನು 0.3 ಮಾಡಲು ಹಲ್ಲಿಯನ್ನು 150 ಶೇಕಡಾಕ್ಕೆ ಹಿಗ್ಗಿಸಬೇಕು. ಉದ್ದ 240 ಮಿ.ಮೀ. ಆಗುತ್ತದೆ, 220 ಮಿ.ಮೀ. ಬೆಡ್ಡಿನಲ್ಲಿ ಕರ್ಣಕ್ಕೆ ಮಲಗಿಸಬೇಕು. ಅಷ್ಟು ಮಾಡಿದರೂ ಎದೆಯ ಕೀಲಿನ ಸಂದು 0.6 ಆಗಿ ಜೋಲಾಡುತ್ತದೆ. ಮಗುವಿಗೆ ಬೇಕಾದ್ದು ಚೀಲಕ್ಕೆ ತೂಗುಹಾಕುವ ಪುಟ್ಟ ಹಲ್ಲಿಯಾದರೆ ಈ ಫೈಲ್ ಯಾವ ರೀತಿಯಿಂದಲೂ ಒದಗುವುದಿಲ್ಲ. ಬಿಟ್ಟುಬಿಡುವುದು ಒಳ್ಳೆಯದು.

ಬೇರೊಂದು ಹಲ್ಲಿ ಹುಡುಕಿದೆವು ಎನ್ನೋಣ. ಉದ್ದ ಅಷ್ಟೇ, ತುಂಡು ಚಿಕ್ಕದಾದರೂ ಎಲ್ಲ ಕೀಲಲ್ಲೂ ಸಂದು 0.4, 3ಎಂಎಫ್‌ನಲ್ಲಿ ಪದರ 0.2 ಎಂದಿದೆ. ಇದನ್ನು ಎಷ್ಟು ಕಿರಿದು ಮಾಡಬಹುದು? 0.3ನ್ನು 0.4ರಿಂದ ಭಾಗಿಸಿದರೆ 75 ಶೇಕಡಾ. ಅಂದರೆ 120 ಮಿ.ಮೀ. ಉದ್ದದವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. 60 ಶೇಕಡಾಕ್ಕೆ ಇಳಿಸಿದರೆ ಸಂದು 0.24 ಆಗಿ ನಮ್ಮ ಮಿತಿ ಮೀರುತ್ತದೆ.

75 ಶೇಕಡಾ ಎಂದು ತೀರ್ಮಾನಿಸಿದ ಮೇಲೂ ಎತ್ತರದ ಸಂದನ್ನು ನೋಡಬೇಕು. ಬಳೆಗೂ ಸೂರಿಗೂ ನಡುವೆ ಇದ್ದ 0.4 ಈಗ 0.3. ಪ್ರಿಂಟರ್ ಎತ್ತರದಲ್ಲಿ ಪದರದ ಲೆಕ್ಕದಲ್ಲೇ ನಡೆಯುತ್ತದೆ, ಒಂದೂವರೆ ಪದರ ಬಿಡಲು ಅದಕ್ಕೆ ಬಾರದು. 0.2 ಪದರದಲ್ಲಿ ಈ 0.3 ಸಂದು ಎಲ್ಲಿಂದ ಶುರುವಾಗುತ್ತದೆ ಎಂಬುದರ ಮೇಲೆ ಒಂದು ಕೀಲಿನಲ್ಲಿ ಒಂದು ಪದರ ಖಾಲಿ, ಇನ್ನೊಂದರಲ್ಲಿ ಎರಡು ಪದರ ಖಾಲಿ ಆಗಬಹುದು. ಪದರವನ್ನು 0.15 ಮಾಡಿದರೆ 0.3ಕ್ಕೆ ಸರಿಯಾಗಿ ಎರಡು ಪದರ, ಎಲ್ಲ ಕೀಲಿಗೂ ಒಂದೇ ಲೆಕ್ಕ. ಮಾದರಿಯನ್ನು ಕಿರಿದು ಮಾಡುವಾಗ ಪದರವನ್ನೂ ಅದೇ ಪ್ರಮಾಣದಲ್ಲಿ ಕಿರಿದು ಮಾಡಬೇಕೆಂಬುದು ಇದರ ಅರ್ಥ.

ಕೊನೆಯದು ಬೆಡ್ಡಿಗೆ ತಾಗುವ ಮೊದಲ ಪದರ. ಚೆನ್ನಾಗಿ ಕಚ್ಚಲೆಂದು ನಾಜಲ್ ಅದನ್ನು ಒತ್ತಿ ಎಳೆಯುತ್ತದೆ, ಪ್ಲಾಸ್ಟಿಕ್ ಪಕ್ಕಕ್ಕೆ ಹರಡುತ್ತದೆ. ಗೂಟ ಒಂದು ಕಡೆಯಿಂದ, ಬಳೆ ಇನ್ನೊಂದು ಕಡೆಯಿಂದ 0.1ರಂತೆ ಹರಡಿದರೂ 0.3ರಲ್ಲಿ ಉಳಿಯುವುದು 0.1. ಅನುಭವಸ್ಥ ವಿನ್ಯಾಸಕಾರರು ತಳದ ಅಂಚುಗಳನ್ನು ಓರೆಯಾಗಿ ಕತ್ತರಿಸಿ ಅಲ್ಲಿ ಸಂದು ಅಗಲಿಸಿರುತ್ತಾರೆ. ಪ್ರಿವ್ಯೂನಲ್ಲಿ ಮೊದಲ ಪದರದ ಸಂದು ಮೇಲಿನ ಪದರಗಳದಕ್ಕಿಂತ ಅಗಲವಾಗಿ ಕಂಡರೆ ಆ ಕಾಳಜಿ ಅಲ್ಲಿದೆ ಎಂದರ್ಥ. ಕಾಣದಿದ್ದರೆ ಸ್ಲೈಸರಿನ `Elephant foot compensation` ಅನ್ನು 0.2ರ ಹತ್ತಿರ ಇಟ್ಟು ಮತ್ತೆ ಸ್ಲೈಸ್ ಮಾಡಿ ಅದೇ ಪದರ ನೋಡಿ. ಬೆಡ್ಡಿಗೆ ಅಂಟಲೆಂದು ಬ್ರಿಮ್ ಹಾಕುವುದಾದರೆ ಹೊರ ಅಂಚಿಗೆ ಮಾತ್ರ ಹಾಕಿ. ಒಳಗೂ ಹಾಕಿದರೆ ಅದು ಕೀಲಿನ ಸಂದನ್ನೇ ತುಂಬುತ್ತದೆ.

ಇಷ್ಟು ನೋಡಿದ ಮೇಲೂ ಇಡೀ ಹಲ್ಲಿಗೆ ಕೈಹಾಕುವ ಮೊದಲು, ಸ್ಲೈಸರಿನ ಕತ್ತರಿಸುವ ಉಪಕರಣದಿಂದ ಬಾಲದ ಕೊನೆಯ ಮೂರು ತುಂಡನ್ನಷ್ಟೇ ಬೇರೆ ಮಾಡಿ ಮುದ್ರಿಸಿ. ಅತಿ ಚಿಕ್ಕ ಕೀಲು ಅಲ್ಲೇ ಇರುವುದರಿಂದ ಅವು ಬಿಟ್ಟರೆ ಉಳಿದವೂ ಬಿಡುವ ಸಂಭವ ಹೆಚ್ಚು. ಪೂರ್ತಿ ಮುದ್ರಿಸಿದ ಮೇಲೆ ಬಗ್ಗಿಸಿ ಹಿಡಿದ ಒಂದು ಫೋಟೋ ತೆಗೆದು, ನಾಜಲ್, ಪದರದ ದಪ್ಪ, ಶೇಕಡಾವಾರು ಅಳತೆ, ಫಿಲಮೆಂಟು, ಅಂಟಿಕೊಂಡ ಕೀಲೇನಾದರೂ ಇದ್ದರೆ ಅದು ತಲೆಯಿಂದ ಎಷ್ಟನೆಯದು ಎಂದು ಬರೆದು ಮಾದರಿಯ ಕೆಳಗೆ ಹಾಕಿ. ‘ಚೆನ್ನಾಗಿದೆ’ ಎಂಬ ಒಂದು ಪದದಿಂದ ಮುಂದಿನವರಿಗೆ ಯಾವ ತೀರ್ಮಾನಕ್ಕೂ ಬರಲಾಗದು. ‘75 ಶೇಕಡಾ, 0.15 ಪದರ, ಎಲ್ಲ ಕೀಲೂ ಬಿಟ್ಟವು’ ಎಂಬ ಒಂದು ಸಾಲಿದ್ದರೆ ಅವರು ತಮ್ಮ ಪ್ರಿಂಟರಿನ ಸಂಖ್ಯೆಯನ್ನು ಪಕ್ಕಕ್ಕಿಟ್ಟು, ಒಂದು ಎಳೆ ಫಿಲಮೆಂಟನ್ನೂ ಖರ್ಚು ಮಾಡದೆ ಹೌದೋ ಅಲ್ಲವೋ ಹೇಳಬಲ್ಲರು.